ನಾಲ್ಕು ಸೆಂಟ್ಸ್ ಜಾಗದಲ್ಲಿ ವಾಸ್ತು ಮತ್ತು ಬೆಳಕು: ಮನೆಯ ನಡುಭಾಗದ ಲೆಕ್ಕ

(ಕಾಸರಗೋಡು ತಾಲೂಕಿನಲ್ಲಿ ಹೊಸದಾಗಿ ಮನೆ ಕಟ್ಟಿಸಲು ಹೊರಟಿರುವವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಗೆ ನಮಸ್ಕಾರಗಳು.

ಚಿಕ್ಕ ಜಾಗದಲ್ಲಿ ಮನೆ ಕಟ್ಟಿಸುವವರು ನಕ್ಷೆಗಾಗಿ ನನ್ನಲ್ಲಿಗೆ ಬಂದಾಗ ಮೊದಲು ಮೂಲೆಗಳ ಮಾತನ್ನೇ ಆಡುತ್ತಾರೆ. ಅಡುಗೆಮನೆ ಆಗ್ನೇಯದಲ್ಲಿ ಬರಬೇಕು, ದೇವರ ಕೋಣೆ ಮತ್ತು ಬಾವಿ ಈಶಾನ್ಯದಲ್ಲಿರಬೇಕು, ಯಜಮಾನರ ಮಲಗುವ ಕೋಣೆ ನೈಋತ್ಯದಲ್ಲಿರಬೇಕು, ಈಶಾನ್ಯದಲ್ಲಿ ಪಾಯಿಖಾನೆ ಕೂಡದು ಎನ್ನುವ ಈ ಅಪೇಕ್ಷೆಗಳಲ್ಲಿ ಹೆಚ್ಚಿನವು ಬೆಳಕಿಗಾಗಲಿ ಮನೆಯ ಬಳಕೆಗಾಗಲಿ ಅಡ್ಡ ಬರುವುದಿಲ್ಲ. ಮೂಲೆಯ ಕೋಣೆಗೆ ಎರಡು ಹೊರಗೋಡೆಗಳಿರುತ್ತವೆ. ಆದ್ದರಿಂದ ಒಂದಲ್ಲ ಒಂದು ಕಡೆಯಿಂದ ಅದಕ್ಕೆ ಬೆಳಕು ಕೊಡಬಹುದು. ನಿಜವಾದ ತೊಡಕು ಇರುವುದು ಯಾರೂ ಹೆಚ್ಚು ಮಾತಾಡದ ನಡುಭಾಗದಲ್ಲಿ. ನಾಲ್ಕು ಮೂಲೆಗಳಿಗೂ ಕೋಣೆಗಳನ್ನು ಹಂಚಿದ ಮೇಲೆ ಮಧ್ಯದಲ್ಲಿ ಉಳಿಯುವುದು ಊಟದ ಜಾಗ. ಎರಡೂ ಬದಿಗಳಲ್ಲಿ ನೆರೆಮನೆಯ ಗೋಡೆಗಳಿದ್ದರೆ ಆ ಜಾಗದಲ್ಲಿ ಹಾಡುಹಗಲೇ ದೀಪ ಹಾಕಬೇಕಾಗುತ್ತದೆ. ಇಂದು ಈ ನಡುಭಾಗದ ಬಗ್ಗೆ, ಒಂದೇ ಮನೆಯ ಉದಾಹರಣೆಯನ್ನು ಇಟ್ಟುಕೊಂಡು, ಸ್ವಲ್ಪ ಲೆಕ್ಕದ ಸಹಿತ ವಿವರಿಸಲು ಬಯಸುತ್ತೇನೆ.

ಜಾಗ ನಾಲ್ಕು ಸೆಂಟ್ಸ್, ಅಂದರೆ ಸುಮಾರು 162 ಚದರ ಮೀಟರ್. ರಸ್ತೆ ಪಶ್ಚಿಮಕ್ಕಿದೆ. ರಸ್ತೆಗೆ ತಾಗಿದ ಅಗಲ 9 ಮೀಟರ್, ಪೂರ್ವಕ್ಕೆ ಚಾಚಿದ ಉದ್ದ 18 ಮೀಟರ್. ಉತ್ತರದ ಬದಿಯಲ್ಲಿ ಎರಡು ಮಾಳಿಗೆಯ ಮನೆ ಆಗಲೇ ಎದ್ದಿತ್ತು. ದಕ್ಷಿಣದ ಜಾಗ ಖಾಲಿಯಾಗಿತ್ತು. ಪಕ್ಕದ ಜಾಗ ಇಂದು ಖಾಲಿ ಇದ್ದರೂ ಅಲ್ಲಿ ನಾಳೆ ಎರಡು ಮಾಳಿಗೆ ಏಳುತ್ತದೆ ಎಂದೇ ಭಾವಿಸಿ ನಕ್ಷೆ ಮಾಡುವುದು ಕ್ಷೇಮ. ಮನೆಯವರು ನಿವೃತ್ತ ಮಾಸ್ತರರು, ಅವರ ಪತ್ನಿ, ಮಗ, ಸೊಸೆ ಮತ್ತು ಹೈಸ್ಕೂಲಿಗೆ ಹೋಗುವ ಮೊಮ್ಮಗಳು. ಮಾಸ್ತರರು ಎಲ್ಲಿಂದಲೋ ತೆಗೆದ ಒಂದು ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಅದರಲ್ಲಿ ಮೂಲೆಗಳೆಲ್ಲ ಶಾಸ್ತ್ರೋಕ್ತವಾಗಿದ್ದವು. ನಡುವಿನ ಊಟದ ಕೋಣೆಗೆ ಮಾತ್ರ ಉತ್ತರಕ್ಕೆ ಒಂದು ಕಿಟಕಿಯನ್ನು ಬರೆದು ಬಿಡಲಾಗಿತ್ತು.

ಇಂತಹ ಸಂದರ್ಭದಲ್ಲಿ ಮನೆಯವರ ಅಪೇಕ್ಷೆಗಳ ಪಟ್ಟಿಯನ್ನು ತೆಗೆದುಕೊಂಡು ನೇರವಾಗಿ ಗೆರೆ ಎಳೆಯಲು ಕೂರುವುದು ಸರಿಯಲ್ಲ. ಪಟ್ಟಿಯಲ್ಲಿರುವ ಪ್ರತಿಯೊಂದು ಮಾತೂ ಯಾರದು ಎಂದು ನಾನು ಮೊದಲು ಕೇಳುತ್ತೇನೆ. ಕೆಲವು ಆ ಕುಟುಂಬದ ನಡವಳಿಕೆಯಿಂದ ಬಂದವು. ಅವನ್ನು ಬದಲಾಯಿಸಿದರೆ ಆ ಮನೆಯಲ್ಲಿ ಅವರಿಗೆ ನೆಮ್ಮದಿ ಇರುವುದಿಲ್ಲ. ಕೆಲವು ಜಾಗದಲ್ಲಿ ಗೂಟ ನೆಡುವ ಕುತ್ತಿ ಪೂಜೆಗೆ ಮೊದಲು ಬಂದು ಅಳತೆ ನೋಡುವ ಆಚಾರ್ಯರು ಪರಿಶೀಲಿಸುವಂಥವು. ಉಳಿದವು ನೆಂಟರು ಹೇಳಿದವು, ವಿಡಿಯೋದಲ್ಲಿ ಕೇಳಿದವು. ಮಾಸ್ತರರ ಪತ್ನಿಯನ್ನು ಕೇಳಿದಾಗ ಅವರು ಸ್ಪಷ್ಟವಾಗಿ ಹೇಳಿದರು: "ಅಡಿಗೆ ಮಾಡುವಾಗ ನನಗೆ ಪೂರ್ವಕ್ಕೆ ಮುಖ ಬೇಕು. ಮನೆಯ ಮೂಲೆ ಮುರಿಯಬಾರದು. ನಡುವಿನಲ್ಲಿ ಕಂಬ, ಮೆಟ್ಟಿಲು, ಪಾಯಿಖಾನೆ ಇವು ಯಾವುದೂ ಬರಬಾರದು. ಉಳಿದದ್ದು ನೀವು ಹೇಗೆ ಮಾಡಿದರೂ ಆಗಬಹುದು." ಮಾಸ್ತರರು ಇದಕ್ಕೆ ಇನ್ನೊಂದನ್ನು ಸೇರಿಸಿದರು: ಮನೆಯ ಸುತ್ತಳತೆಗೆ ಸರಿಯಾದ ಆಯ ಕೂಡಿ ಬರಬೇಕು, ಅದರಲ್ಲಿ ರಾಜಿ ಇಲ್ಲ. ಮೂವತ್ತು ಅಂಶಗಳ ಪಟ್ಟಿ ಹೀಗೆ ನಾಲ್ಕಕ್ಕೆ ಇಳಿಯಿತು. ಈ ನಾಲ್ಕನ್ನೂ ಪೂರ್ಣವಾಗಿ ಪಾಲಿಸಬೇಕು, ಉಳಿದವನ್ನು ಸಾಧ್ಯವಾದಷ್ಟು ಪಾಲಿಸಬೇಕು ಎಂದು ಒಪ್ಪಿಕೊಂಡೇ ನಾವು ಕೆಲಸ ಆರಂಭಿಸಿದೆವು.

ದಿಕ್ಕಿನ ಪ್ರಶ್ನೆಯನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ನಮ್ಮ ಕರಾವಳಿಯ ರಸ್ತೆಗಳು ನೇರ ಉತ್ತರ ದಕ್ಷಿಣವಾಗಿ ಹೋಗುವುದು ಅಪರೂಪ. ಈ ಜಾಗವೂ ಸುಮಾರು 10 ಡಿಗ್ರಿ ತಿರುಗಿತ್ತು. ಮನೆಯನ್ನು ಜಾಗದ ಗಡಿಗೆ ಸಮನಾಗಿ ಇಡದೆ ಶುದ್ಧ ದಿಕ್ಕಿಗೆ ತಿರುಗಿಸಿ ಇಡಬೇಕು ಎಂಬ ಸಲಹೆಯೂ ಬಂದಿತು. 12 ಮೀಟರ್ ಉದ್ದದ ಮನೆಯನ್ನು 10 ಡಿಗ್ರಿ ತಿರುಗಿಸಿದರೆ ಅದರ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 2.1 ಮೀಟರ್ ಪಕ್ಕಕ್ಕೆ ಸರಿಯುತ್ತದೆ. 9 ಮೀಟರ್ ಅಗಲದ ಜಾಗದಲ್ಲಿ, ಎರಡೂ ಬದಿಗೆ ಒಂದೊಂದು ಮೀಟರಿನಷ್ಟು ತೆರವು ಬಿಡಬೇಕಾಗಿರುವಾಗ, ಇದು ಸಾಧ್ಯವೇ ಇಲ್ಲ. ಕಾಗದದ ಮೇಲೆ ಎರಡೂ ರೀತಿಯಲ್ಲಿ ಬರೆದು ತೋರಿಸಿದ ಮೇಲೆ ಆಚಾರ್ಯರೇ ಗಡಿಗೆ ಸಮನಾಗಿ ಇಡುವುದಕ್ಕೆ ಒಪ್ಪಿಗೆ ಕೊಟ್ಟರು. ಒಂದು ಮಾತು ನೆನಪಿಡಿ: ದಿಕ್ಕನ್ನು ಮೊಬೈಲಿನಲ್ಲಿ ನೋಡುವಾಗ ಕಾರಿನ ಪಕ್ಕದಲ್ಲಾಗಲಿ ಕಬ್ಬಿಣದ ಸರಳಿನ ರಾಶಿಯ ಹತ್ತಿರವಾಗಲಿ ನಿಲ್ಲಬೇಡಿ, ಜಾಗದ ಮೂರು ನಾಲ್ಕು ಕಡೆ ನಿಂತು ನೋಡಿ, ಎಲ್ಲೆಡೆಯೂ ಒಂದೇ ಉತ್ತರ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಇನ್ನು ಬೆಳಕಿನ ಲೆಕ್ಕಕ್ಕೆ ಬರೋಣ. ಕೋಣೆಯೊಂದಕ್ಕೆ ಹಗಲು ಬೆಳಕು ಸಾಕಷ್ಟು ಬರುತ್ತದೆಯೇ ಎಂದು ತಿಳಿಯಲು ಕಿಟಕಿಯ ಅಳತೆಯೊಂದನ್ನೇ ನೋಡಿದರೆ ಸಾಲದು. ರಾಷ್ಟ್ರೀಯ ಕಟ್ಟಡ ಸಂಹಿತೆಯು ನಮ್ಮಂತಹ ಬಿಸಿಯೂ ತೇವವೂ ಇರುವ ಹವೆಗೆ ನೆಲದ ವಿಸ್ತಾರದ ಆರನೇ ಒಂದು ಪಾಲಿನಷ್ಟು ತೆರವು ಇರಬೇಕೆಂದು ಹೇಳುತ್ತದೆ. ಇದು ಕನಿಷ್ಠ ಅಳತೆ. ಕಿಟಕಿಯ ಎದುರಿಗೆ ಏನಿದೆ ಎಂಬುದನ್ನು ಈ ಅಳತೆ ಹೇಳುವುದಿಲ್ಲ. ನಮ್ಮಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುತ್ತದೆ. ಮೋಡ ಪೂರ್ತಿ ಮುಚ್ಚಿದ ದಿನ ತಲೆಯ ನೇರಕ್ಕಿರುವ ಆಕಾಶವು ದಿಗಂತದ ಹತ್ತಿರದ ಆಕಾಶಕ್ಕಿಂತ ಸುಮಾರು ಮೂರು ಪಟ್ಟು ಪ್ರಕಾಶವಾಗಿರುತ್ತದೆ. ಆದ್ದರಿಂದ ಕೋಣೆಯೊಳಗಿನಿಂದ ಆಕಾಶದ ಮೇಲ್ಭಾಗ ಎಷ್ಟು ಕಾಣುತ್ತದೆ ಎಂಬುದೇ ಮಳೆಗಾಲದ ಬೆಳಕನ್ನು ನಿರ್ಧರಿಸುತ್ತದೆ. ಊಟದ ಮೇಜಿನ ಎತ್ತರಕ್ಕೆ ಕಣ್ಣನ್ನು ತಂದು ಕಿಟಕಿಯ ಮೂಲಕ ನೋಡಿದಾಗ ಆಕಾಶದ ಒಂದು ತುಣುಕೂ ಕಾಣದಿದ್ದರೆ, ಆ ಮೇಜಿಗೆ ಬರುವುದು ಎದುರು ಗೋಡೆಗೆ ಬಡಿದು ಬಂದ ಮಂದ ಬೆಳಕು ಮಾತ್ರ.

ಮಾಸ್ತರರು ತಂದ ನಕ್ಷೆಯನ್ನು ಈ ದೃಷ್ಟಿಯಿಂದ ಪರೀಕ್ಷಿಸೋಣ. ಉತ್ತರದ ಬದಿಯಲ್ಲಿ ನಮ್ಮ ತೆರವು 1.2 ಮೀಟರ್, ನೆರೆಯವರದು ಸುಮಾರು 1 ಮೀಟರ್; ಎರಡು ಗೋಡೆಗಳ ನಡುವೆ 2.2 ಮೀಟರ್. ನೆರೆಮನೆಯ ಎತ್ತರ ತಾರಸಿಯ ಅಂಚಿನ ಕೈಪಿಡಿ ಗೋಡೆ ಸೇರಿ ಸುಮಾರು 6.6 ಮೀಟರ್. ನಮ್ಮ ಪಂಚಾಂಗದ, ಅಂದರೆ ಮನೆಯ ನೆಲಗಟ್ಟಿನ ಎತ್ತರ 45 ಸೆಂಟಿಮೀಟರ್, ಮೇಜಿನ ಎತ್ತರ 75 ಸೆಂಟಿಮೀಟರ್. ಅಂದರೆ ಮೇಜಿನ ಮೇಲ್ಮೈ ಹೊರಗಿನ ನೆಲದಿಂದ 1.2 ಮೀಟರ್ ಮೇಲಿದೆ, ನೆರೆಮನೆಯ ತುದಿ ಅದಕ್ಕಿಂತ 5.4 ಮೀಟರ್ ಮೇಲಿದೆ. ಕಿಟಕಿಯ ಲಿಂಟಲ್ ಎಂದಿನಂತೆ ಮನೆಯೊಳಗಿನ ನೆಲದಿಂದ 2.1 ಮೀಟರ್. ಈ ಅಳತೆಗಳಲ್ಲಿ ಎರಡು ಸಮರೂಪ ತ್ರಿಕೋನಗಳನ್ನು ಬರೆದು ನೋಡಿದರೆ, ಗೋಡೆಯ ಹೊರಮೈಯಿಂದ ಒಳಕ್ಕೆ ಸುಮಾರು 73 ಸೆಂಟಿಮೀಟರ್‌ವರೆಗೆ ಮಾತ್ರ ಆಕಾಶ ಕಾಣುತ್ತದೆ. ಅದರಲ್ಲಿ 20 ಸೆಂಟಿಮೀಟರ್ ಗೋಡೆಯ ದಪ್ಪಕ್ಕೇ ಹೋಗುತ್ತದೆ. ಲಿಂಟಲನ್ನು 2.7 ಮೀಟರಿಗೆ ಏರಿಸಿದರೂ ಆಕಾಶ ಕಾಣುವ ಆಳ 1.25 ಮೀಟರನ್ನು ದಾಟುವುದಿಲ್ಲ. ಕಿಟಕಿಯನ್ನು ಎಷ್ಟು ಅಗಲ ಮಾಡಿದರೂ ಈ ಆಳ ಹೆಚ್ಚುವುದಿಲ್ಲ ಎಂಬುದನ್ನು ಗಮನಿಸಬೇಕು. "ಕಿಟಕಿ ದೊಡ್ಡದಿಡುವಾ" ಎಂಬ ಎಂದಿನ ಪರಿಹಾರ ಇಲ್ಲಿ ನೆರವಾಗದಿರುವುದು ಇದೇ ಕಾರಣದಿಂದ.

ಹೀಗಿರುವಾಗ ಉಳಿದ ದಾರಿ ಎದುರು ಗೋಡೆಯನ್ನು ದೂರ ಮಾಡುವುದು. ನೆರೆಯವರ ಗೋಡೆಯನ್ನು ನಾವು ಸರಿಸಲಾರೆವು. ನಮ್ಮದನ್ನು ಹಿಂದಕ್ಕೆ ಸರಿಸಬಹುದು. ಉತ್ತರದ ಗೋಡೆಯ ನಡುವಿನಲ್ಲಿ 2.7 ಮೀಟರ್ ಅಗಲದ ಭಾಗವನ್ನು ಒಳಕ್ಕೆ ತೆಗೆದುಕೊಂಡು, ಅಲ್ಲಿ ಆಕಾಶಕ್ಕೆ ತೆರೆದ ಒಂದು ಸಣ್ಣ ಅಂಗಳ ಮಾಡುವುದು ನನ್ನ ಸಲಹೆಯಾಗಿತ್ತು. ಹಿಂದಿನ ಮನೆಗಳಂತೆ ನಟ್ಟನಡುವೆ ನಾಲ್ಕೂ ಸುತ್ತು ಮುಚ್ಚಿದ ಅಂಗಳವನ್ನು ಇಲ್ಲಿ ಮಾಡಲಾಗದು. ಏಳು ಮೀಟರಿಗೂ ಕಡಿಮೆ ಅಗಲದ ಮನೆಯಲ್ಲಿ ಅದು ಎರಡೂ ಪಕ್ಕದ ಜಾಗವನ್ನು ಬರಿಯ ಓಣಿಗಳನ್ನಾಗಿ ಮಾಡುತ್ತದೆ; ಎರಡು ಮಾಳಿಗೆಯ ಆಳದ ಇಕ್ಕಟ್ಟಾದ ಕೊಳವೆಯ ತಳಕ್ಕೆ ಬೆಳಕೂ ಕಡಿಮೆಯೇ ಇಳಿಯುತ್ತದೆ. ಬದಿಯ ತೆರವಿನೊಂದಿಗೆ ಸೇರಿಕೊಂಡ ಅಂಗಳಕ್ಕಾದರೆ ನಮ್ಮ ತೆರವು ಮತ್ತು ನೆರೆಯವರ ತೆರವು ಎರಡೂ ಕೂಡಿ ದೊರೆಯುತ್ತವೆ.

ಇಲ್ಲಿ ಆಯದ ಪ್ರಶ್ನೆ ಎದ್ದಿತು. ಇಡೀ ಕೆಲಸದಲ್ಲಿ ಹೆಚ್ಚು ಯೋಚಿಸಬೇಕಾದ ಘಟ್ಟವೂ ಅದೇ ಆಗಿತ್ತು. ನಮ್ಮ ಕಡೆ ಆಯವನ್ನು ಮನೆಯ ಸುತ್ತಳತೆಯಿಂದ ನೋಡುತ್ತಾರೆ. 72 ಸೆಂಟಿಮೀಟರಿನ ಕೋಲಿನಲ್ಲಿ 3 ಸೆಂಟಿಮೀಟರಿನ 24 ಅಂಗುಲಗಳು. ಸುತ್ತಳತೆಯನ್ನು ಕೋಲಿನಲ್ಲಿ ಅಳೆದು, ಮೂರರಿಂದ ಗುಣಿಸಿ, ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆಯ. ಶೇಷ ಒಂದಾದರೆ ಧ್ವಜಾಯ, ಮೂರಾದರೆ ಸಿಂಹಾಯ, ಐದಾದರೆ ವೃಷಭಾಯ, ಏಳಾದರೆ ಗಜಾಯ, ಇವು ಗ್ರಾಹ್ಯ. ಸಮಸಂಖ್ಯೆಯ ಶೇಷಗಳು ವರ್ಜ್ಯ. ಪಶ್ಚಿಮಕ್ಕೆ ಮುಖವಿರುವ ಮನೆಗೆ ವೃಷಭಾಯ ಹೊಂದುತ್ತದೆ ಎಂದು ಆಚಾರ್ಯರು ಹೇಳಿದ್ದರು. ಮೂರರಿಂದ ಗುಣಿಸುವುದು ಎಂದರೆ, ಸುತ್ತಳತೆಯಲ್ಲಿ ಕೋಲಿನ ಮೂರನೇ ಒಂದು ಪಾಲು, ಅಂದರೆ 24 ಸೆಂಟಿಮೀಟರು, ಎಷ್ಟು ಬಾರಿ ಇದೆ ಎಂದು ಎಣಿಸುವುದೇ ಆಗಿದೆ. ಎಂಟು ಬಾರಿಗೆ ಒಂದು ಆವರ್ತ. ಹಾಗಾಗಿ ಸುತ್ತಳತೆ 1.92 ಮೀಟರ್ ಹೆಚ್ಚಿದಾಗಲೆಲ್ಲ ಅದೇ ಆಯ ಮತ್ತೆ ಬರುತ್ತದೆ. ನಕ್ಷೆ ಮಾಡುವವನಿಗೆ ಇದು ಬಹಳ ಉಪಯುಕ್ತವಾದ ವಿಷಯ. ಬೇಕಾದ ಆಯಕ್ಕೆ ಹತ್ತಿರದ ಸುತ್ತಳತೆ ಯಾವತ್ತೂ 96 ಸೆಂಟಿಮೀಟರಿಗಿಂತ ದೂರದಲ್ಲಿರುವುದಿಲ್ಲ. ಉದ್ದದಲ್ಲಿ ಮತ್ತು ಅಗಲದಲ್ಲಿ ಸ್ವಲ್ಪ ಸ್ವಲ್ಪ ಹಂಚಿದರೆ ಅದು ಯಾವ ಕೋಣೆಯನ್ನೂ ಕೆಡಿಸುವುದಿಲ್ಲ.

ತಂದ ನಕ್ಷೆಯಲ್ಲಿ ಮನೆ 6.8 ಮೀಟರ್ ಅಗಲ, 12 ಮೀಟರ್ ಉದ್ದವಿತ್ತು. ಅಗಲವನ್ನು 6.72 ಮೀಟರಿಗೆ ಇಳಿಸಿ, ಉದ್ದವನ್ನು 12.12 ಮೀಟರಿಗೆ ಏರಿಸಿದೆವು. ಸುತ್ತಳತೆ 37.68 ಮೀಟರ್ ಆಯಿತು. ಅದು 52 ಕೋಲು 8 ಅಂಗುಲ. ಮೂರರಿಂದ ಗುಣಿಸಿದರೆ 157, ಎಂಟರಿಂದ ಭಾಗಿಸಿದರೆ ಶೇಷ 5. ವೃಷಭಾಯ ಕೂಡಿ ಬಂದಿತು. ಆದರೆ ಉತ್ತರದಲ್ಲಿ ಗೋಡೆಯನ್ನು ಒಳಕ್ಕೆ ತೆಗೆದಾಗ ಗೋಡೆಯ ಸುತ್ತಳತೆಯೇ ಬದಲಾಗುತ್ತದೆ: ಒಳಸರಿದ ಆಳದ ಎರಡರಷ್ಟು ಅದಕ್ಕೆ ಸೇರುತ್ತದೆ. ನಾನು ಮೊದಲು ಯೋಚಿಸಿದ್ದು 1.8 ಮೀಟರ್ ಆಳ. ಹಾಗೆ ಮಾಡಿದರೆ 3.6 ಮೀಟರ್ ಸೇರಿ ಸಂಖ್ಯೆ 157ರಿಂದ 172ಕ್ಕೆ ಏರುತ್ತದೆ, ಶೇಷ 4 ಉಳಿಯುತ್ತದೆ. ಅದು ವರ್ಜ್ಯವಾದ ಶ್ವಾನಾಯ. ಆಳವನ್ನು 1.92 ಮೀಟರ್ ಮಾಡಿದರೆ ಸೇರುವುದು 3.84 ಮೀಟರ್, ಅಂದರೆ ಸರಿಯಾಗಿ ಎರಡು ಆವರ್ತ. ಶೇಷ ಐದೇ ಉಳಿಯುತ್ತದೆ. ಹೊರಗಿನ ನೇರ ಗೆರೆಯನ್ನು ಹಿಡಿದು ಅಳೆದರೂ, ಗೋಡೆ ತಿರುಗಿದಂತೆ ಅಂಗಳದ ಒಳಗೆ ಹೋಗಿ ಅಳೆದರೂ ವೃಷಭಾಯವೇ ಬರುತ್ತದೆ. ಬೇರೆ ಬೇರೆ ಆಚಾರ್ಯರು ಬೇರೆ ಬೇರೆ ಗೆರೆಯಲ್ಲಿ ಅಳೆಯುವುದುಂಟು. ಮನೆ ಎದ್ದ ಮೇಲೆ ಇನ್ನೊಬ್ಬರು ಬಂದು ಅಳೆದರೂ ಮನೆಯವರ ಮನಸ್ಸಿಗೆ ಕಸಿವಿಸಿಯಾಗದಂತೆ ಎರಡೂ ಲೆಕ್ಕಕ್ಕೆ ಹೊಂದುವ ಅಳತೆಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಆಳವು 96 ಸೆಂಟಿಮೀಟರಿನ ಅಪವರ್ತ್ಯವಾಗಿದ್ದರೆ ಯಾವ ಮನೆಯಲ್ಲಾದರೂ ಇದು ಸಾಧ್ಯ.

ಮಾಸ್ತರರ ಪತ್ನಿಯವರಿಗೆ ಮೂಲೆಯ ಆತಂಕ ಇತ್ತು. ಅಂಗಳ ಇರುವುದು ಉತ್ತರದ ಗೋಡೆಯ ನಡುವಿನಲ್ಲಿ. ಈಶಾನ್ಯ ಮತ್ತು ವಾಯವ್ಯದ ಮೂಲೆಗಳು ಹಾಗೆಯೇ ಪೂರ್ಣವಾಗಿ ಉಳಿದಿವೆ ಎಂದು ಜಾಗದಲ್ಲಿಯೇ ಹುರಿ ಕಟ್ಟಿ ತೋರಿಸಿದ ಮೇಲೆ ಅವರು ಒಪ್ಪಿದರು. ನೆಲಗಟ್ಟನ್ನು ಅಂಗಳದ ಹೊರಗಡೆಯೂ ನೇರವಾಗಿ ಓಡಿಸಿದ್ದರಿಂದ ಹೊರಗಿನಿಂದ ನೋಡುವಾಗಲೂ ಮನೆಯ ಆಯತ ಮುರಿದಂತೆ ಕಾಣುವುದಿಲ್ಲ.

ಈಗ ನಡುಭಾಗ ಹೇಗಾಯಿತು ಎಂದು ನೋಡೋಣ. 6.72 ಮೀಟರ್ ಅಗಲವನ್ನು ಮೂರು ಪಾಲು ಮಾಡಿದರೆ ಒಂದೊಂದು ಪಾಲು 2.24 ಮೀಟರ್. ಉತ್ತರದ ಪಾಲಿನಲ್ಲಿ ಅಂಗಳ ಮತ್ತು ಅದರ ಗೋಡೆ ಮುಗಿಯುತ್ತವೆ. ನಡುವಿನ ಪಾಲನ್ನು ಪೂರ್ತಿಯಾಗಿ ಒಳಗೊಂಡು 2.4 ಮೀಟರ್ ಅಗಲದ ಊಟದ ಜಾಗ ಬರುತ್ತದೆ. ದಕ್ಷಿಣದ ಪಾಲಿನಲ್ಲಿ, ಹೊರಗೋಡೆಗೆ ತಾಗಿಕೊಂಡು, ಪೂರ್ವದಿಂದ ಪಶ್ಚಿಮಕ್ಕೆ ಹತ್ತಿ ಬಲಕ್ಕೆ ತಿರುಗುವ ಮೆಟ್ಟಿಲು. ಮನೆಯ ನಟ್ಟನಡುವಿನ ಬ್ರಹ್ಮಸ್ಥಾನದಲ್ಲಿ ಕಂಬವಿಲ್ಲ, ಮೆಟ್ಟಿಲಿಲ್ಲ, ನೀರಿನ ಕೊಳವೆಯೂ ಇಲ್ಲ. ಅಲ್ಲಿರುವುದು ಮನೆಯವರೆಲ್ಲ ಕೂತು ಊಟ ಮಾಡುವ ಬರಿಯ ನೆಲ. ಮನೆಯವರು ಕೇಳಿದ್ದೂ ಬೆಳಕಿಗೆ ಬೇಕಾದದ್ದೂ ಇಲ್ಲಿ ಒಂದೇ ಆಯಿತು. ನಡುಭಾಗವನ್ನು ಖಾಲಿ ಬಿಡಬೇಕೆಂಬ ಅಪೇಕ್ಷೆ ಇಲ್ಲದಿದ್ದರೆ ಮಾಸ್ತರರು ಒಂದು ಕೋಣೆ ಕಡಿಮೆಯಾಗುವ ಈ ವಿನ್ಯಾಸಕ್ಕೆ ಒಪ್ಪುತ್ತಿದ್ದರೆಂದು ನನಗೆ ತೋರುವುದಿಲ್ಲ.

ಆಕಾಶದ ಲೆಕ್ಕವನ್ನು ಮತ್ತೆ ಮಾಡೋಣ. ಎದುರು ಗೋಡೆ ಈಗ 4.12 ಮೀಟರ್ ದೂರದಲ್ಲಿದೆ. ಅಂಗಳಕ್ಕೆ ತೆರೆಯುವ ಕಿಟಕಿಯ ಲಿಂಟಲನ್ನು 2.7 ಮೀಟರಿಗೆ ಇಟ್ಟರೆ ಆಕಾಶ ಕಾಣುವ ಆಳ 73 ಸೆಂಟಿಮೀಟರಿನಿಂದ ಸುಮಾರು 2.3 ಮೀಟರಿಗೆ ಏರುತ್ತದೆ. ಅಂದರೆ ಊಟದ ಮೇಜು ಪೂರ್ತಿಯಾಗಿ ಅದರೊಳಗೆ ಬರುತ್ತದೆ. ಕೆಲಸ ಸುರುವಾಗುವ ಮೊದಲು ಇದನ್ನು ಜಾಗದಲ್ಲಿಯೇ ಪರೀಕ್ಷಿಸಿದೆವು. ಎರಡು ಬಿದಿರಿನ ಗಳುಗಳನ್ನು ಕಿಟಕಿ ಬರುವಲ್ಲಿ ನೆಟ್ಟು, ಲಿಂಟಲಿನ ಎತ್ತರದಲ್ಲಿ ಅಡ್ಡಕ್ಕೆ ಒಂದು ಹಗ್ಗ ಕಟ್ಟಿದೆವು. ಮೇಜಿನ ನಡು ಬರುವಲ್ಲಿ, ಪಂಚಾಂಗದ ಎತ್ತರವನ್ನೂ ಸೇರಿಸಿ, ನೆಲದಿಂದ 1.2 ಮೀಟರ್ ಎತ್ತರಕ್ಕೆ ಕಣ್ಣು ಬರುವಂತೆ ಮಾಸ್ತರರು ಬಾಗಿ ನೋಡಿದರು. ಹಗ್ಗದ ಕೆಳಗೆ, ನೆರೆಮನೆಯ ಕೈಪಿಡಿ ಗೋಡೆಯ ಮೇಲೆ, ಆಕಾಶದ ಒಂದು ಪಟ್ಟಿ ಕಾಣಿಸಿತು. ಹಗ್ಗವನ್ನು 2.1 ಮೀಟರಿಗೆ ಇಳಿಸಿದಾಗ ಆ ಪಟ್ಟಿ ಬಹಳ ತೆಳುವಾಯಿತು. ಎತ್ತರದ ಲಿಂಟಲಿಗೆ ತಗಲುವ ಹೆಚ್ಚಿನ ಖರ್ಚಿನ ಬಗ್ಗೆ ಅನಂತರ ಅವರು ಪ್ರಶ್ನೆ ಎತ್ತಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೆಲಸದ ಹೊತ್ತಿಗೆ ಎಲ್ಲವೂ ಕೆಡುವ ಒಂದು ಜಾಗವಿದೆ; ಅದು ಸಜ್ಜೆ. ನಮ್ಮ ಮಳೆಯನ್ನು ಕಂಡ ಮೇಸ್ತ್ರಿಗಳು ಪ್ರತಿ ಕಿಟಕಿಯ ಮೇಲೂ ಲಿಂಟಲಿನ ಮಟ್ಟದಲ್ಲಿ ಎರಡು ಅಡಿಯ ಸಜ್ಜೆಯನ್ನು ಕೇಳದೆಯೇ ಹಾಕುತ್ತಾರೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ಅದು ಬೇಕೇ ಬೇಕು. ಆದರೆ ಈ ಅಂಗಳದ ಕಿಟಕಿಗೆ 60 ಸೆಂಟಿಮೀಟರಿನ ಸಜ್ಜೆ ಹಾಕಿದರೆ ಆಕಾಶ ಕಾಣುವ ಆಳ 2.3 ಮೀಟರಿನಿಂದ 1.4 ಮೀಟರಿಗೆ ಕುಸಿಯುತ್ತದೆ. ಗಳಿಸಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಹೋಯಿತು. ನೈಋತ್ಯದ ಮಳೆಗಾಳಿಗೆ ಈ ಅಂಗಳ ಮನೆಯ ಮರೆಯಲ್ಲಿಯೇ ಇದೆ. ಆದುದರಿಂದ ಸಜ್ಜೆಯನ್ನು ಲಿಂಟಲಿಗೆ ಹಾಕದೆ, ಮೇಲಿನ ಸ್ಲ್ಯಾಬಿನ ಮಟ್ಟದಲ್ಲಿ, 3 ಮೀಟರ್ ಎತ್ತರಕ್ಕೆ, 45 ಸೆಂಟಿಮೀಟರ್ ಮಾತ್ರ ಹೊರಚಾಚಿಸಿದೆವು. ಹಾಗೆ ಮಾಡಿದಾಗ ಆಳ 2.2 ಮೀಟರಿನ ಹತ್ತಿರ ಉಳಿಯಿತು. ಇಂತಹ ವಿಷಯವನ್ನು ಬಾಯಿಮಾತಿನಲ್ಲಿ ಹೇಳಿ ಬಿಡಬಾರದು. ಆ ಕಿಟಕಿಯ ಅಡ್ಡಕೊಯ್ತದ ಚಿತ್ರವನ್ನು ದೊಡ್ಡದಾಗಿ ಬರೆದು ಮೇಸ್ತ್ರಿಯ ಕೈಗೆ ಕೊಡಬೇಕು. ಅಂಗಳದ ಮೂರೂ ಗೋಡೆಗಳಿಗೆ ಬಿಳಿ ಬಣ್ಣವೇ ಇರಲಿ. ಮಳೆಗಾಲದಲ್ಲಿ ಪಾಚಿ ಹಿಡಿದು ಕಪ್ಪಾಗುವ ನೆರೆಯವರ ಗೋಡೆಗೂ, ಅವರು ಒಪ್ಪಿದರೆ, ನಮ್ಮ ಖರ್ಚಿನಲ್ಲಿಯೇ ಸುಣ್ಣ ಹೊಡೆಸುವುದರಿಂದ ಆಗುವ ಲಾಭ ದೊಡ್ಡದು. ಈ ಮನೆಯಲ್ಲಿ ಅದು ಸಾಧ್ಯವಾಯಿತು.

ಅಂಗಳಕ್ಕೆ ಬೀಳುವ ನೀರಿನ ಬಗ್ಗೆ ಎಲ್ಲರೂ ಹೆದರುತ್ತಾರೆ. ಒಂದೇ ದಿನ 10 ಸೆಂಟಿಮೀಟರ್ ಮಳೆ ಸುರಿದರೆ ಸುಮಾರು 5.2 ಚದರ ಮೀಟರಿನ ಈ ಅಂಗಳಕ್ಕೆ ನೇರವಾಗಿ ಬೀಳುವುದು 520 ಲೀಟರ್ ನೀರು. ಅಂಗಳದ ನೆಲವನ್ನು ಊಟದ ಜಾಗಕ್ಕಿಂತ 15 ಸೆಂಟಿಮೀಟರ್ ತಗ್ಗಿಸಿ, ಉತ್ತರದ ತೆರವಿನ ಕಡೆಗೆ ಇಳಿಜಾರು ಕೊಟ್ಟು, ಅಲ್ಲಿಂದ ಇಂಗುಗುಂಡಿಗೆ ಬಿಟ್ಟರೆ ಸಾಕು. ಮಾಡಿನ ನೀರನ್ನು ಮಾತ್ರ ಅಂಗಳಕ್ಕೆ ಬಿಡಬಾರದು. ಅದಕ್ಕೆ ಬೇರೆಯೇ ಕೊಳವೆ ಇರಬೇಕು.

ಅಡುಗೆಮನೆಯ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಎರಡು ಸಂಪ್ರದಾಯಗಳು ಕೂಡುತ್ತವೆ. ಕನ್ನಡದ ಕಡೆಯವರು ಆಗ್ನೇಯವನ್ನೇ ಹಿಡಿಯುತ್ತಾರೆ. ಕೇರಳದ ಕ್ರಮದಲ್ಲಿ ಈಶಾನ್ಯದ ಅಡುಗೆಮನೆಯೂ ಸರಿ ಎನ್ನಿಸಿಕೊಳ್ಳುತ್ತದೆ. ಎರಡರಲ್ಲಿಯೂ ಪೂರ್ವದ ಗೋಡೆ ಸಿಗುವುದರಿಂದ ಬೆಳಕಿನ ದೃಷ್ಟಿಯಿಂದ ದೊಡ್ಡ ವ್ಯತ್ಯಾಸವಿಲ್ಲ. ಇಲ್ಲಿ ಆಗ್ನೇಯದಲ್ಲಿ 2.7 ಮತ್ತು 3.6 ಮೀಟರಿನ ಅಡುಗೆಮನೆ ಬಂದಿತು. ಮನೆಯ ಹಿಂದೆ ಪೂರ್ವಕ್ಕೆ 2.88 ಮೀಟರ್ ಹಿತ್ತಿಲು ಉಳಿದಿರುವುದರಿಂದ ಆ ಕಡೆಯ ಕಿಟಕಿಗೆ ಬೆಳಕು ಚೆನ್ನಾಗಿದೆ. ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡಬೇಕಾದರೆ ಕಟ್ಟೆ ಪೂರ್ವದ ಗೋಡೆಗೆ ತಾಗಿರಬೇಕು, ಕಿಟಕಿ ಕಟ್ಟೆಯ ಮೇಲೆ ಬರಬೇಕು. ಕೆಲಸ ಮಾಡುವ ಕೈಯ ಮೇಲೆ ಎದುರಿನಿಂದ ಬೆಳಕು ಬೀಳುವುದರಿಂದ ಈ ಏರ್ಪಾಡು ಬಳಕೆಗೂ ಒಳ್ಳೆಯದು. ಆದರೆ ಒಲೆಯನ್ನು ಕಿಟಕಿಯ ನೇರಕ್ಕೆ ಇಟ್ಟರೆ ಗಾಳಿಗೆ ಬೆಂಕಿ ಅಲುಗಾಡಿ ಗ್ಯಾಸ್ ವ್ಯರ್ಥವಾಗುತ್ತದೆ, ಕೆಲವೊಮ್ಮೆ ಆರಿಯೂ ಹೋಗುತ್ತದೆ; ಮನೆಯವರು ಕಿಟಕಿಯನ್ನೇ ಮುಚ್ಚಿಡಲು ಸುರು ಮಾಡುತ್ತಾರೆ. ಆದ್ದರಿಂದ ಒಂದೂವರೆ ಮೀಟರ್ ಅಗಲದ ಕಿಟಕಿಯನ್ನು ಗೋಡೆಯ ಉತ್ತರದ ಅರ್ಧಕ್ಕೆ ಸರಿಸಿ, ಅದರ ಕೆಳಗೆ ಪಾತ್ರೆ ತೊಳೆಯುವ ಸಿಂಕನ್ನು ಇಟ್ಟು, ಒಲೆಯನ್ನು ದಕ್ಷಿಣದ ಅರ್ಧದಲ್ಲಿ ಗಟ್ಟಿ ಗೋಡೆಯ ಎದುರಿಗೆ ಇಟ್ಟೆವು. ಬೆಂಕಿ ಆಗ್ನೇಯಕ್ಕೂ ನೀರು ಈಶಾನ್ಯದ ಕಡೆಗೂ ಬಂದವು. ಅವುಗಳ ನಡುವೆ ಒಂದು ಮೀಟರ್ ಕಟ್ಟೆ ತರಕಾರಿ ಹೆಚ್ಚಲು ಉಳಿಯಿತು. ನೆಲದ ಆರನೇ ಒಂದು ಪಾಲು ಎಂದರೆ 1.62 ಚದರ ಮೀಟರ್. ಕಿಟಕಿಯಿಂದ ಒಂದೂವರೆ ದೊರೆಯಿತು, ಉಳಿದದ್ದನ್ನು ಒಲೆಯ ಪಕ್ಕದ ದಕ್ಷಿಣ ಗೋಡೆಯಲ್ಲಿ ಎತ್ತರಕ್ಕೆ ಇಟ್ಟ ವೆಂಟಿಲೇಟರ್ ತುಂಬಿಸಿತು. ಹೊಗೆ ಹೋಗುವುದಕ್ಕೂ ಅದೇ ದಾರಿ.

ನೈಋತ್ಯದ ಮಲಗುವ ಕೋಣೆಗೆ ಬೆಳಕು ಹೆಚ್ಚಾಗುವುದೇ ತೊಂದರೆ. ಅದು ರಸ್ತೆಯ ಕಡೆಗಿದ್ದು, ಸಾಯಂಕಾಲದ ಬಿಸಿಲೂ ಮಳೆಗಾಲದ ಎರಚಲೂ ಅದರ ಪಶ್ಚಿಮದ ಗೋಡೆಗೇ ಬಡಿಯುತ್ತವೆ. ಬಿಸಿಲು 30 ಡಿಗ್ರಿಗೆ ಇಳಿದಾಗ 60 ಸೆಂಟಿಮೀಟರಿನ ಸಜ್ಜೆ ಕಿಟಕಿಯ ಮೇಲಿನ 35 ಸೆಂಟಿಮೀಟರಿಗೆ ಮಾತ್ರ ನೆರಳು ಕೊಡುತ್ತದೆ. ಹಾಗಾಗಿ ಪಶ್ಚಿಮದ ಕಿಟಕಿಯನ್ನು ಕಿರಿದಾಗಿಸಿ ಹೊರಗಡೆ ನಿಲುವಾದ ಮರದ ಪಟ್ಟಿಗಳನ್ನು ಕೂರಿಸಿ, ದೊಡ್ಡ ಕಿಟಕಿಯನ್ನು ದಕ್ಷಿಣಕ್ಕೆ ಕೊಟ್ಟೆವು. ಮಲಗುವ ಕೋಣೆಗೆ ಮಂದ ಬೆಳಕು ಸಾಕು. ಮೊಮ್ಮಗಳ ಓದುವ ಮೇಜನ್ನು ಮೇಲಿನ ಮಾಳಿಗೆಯಲ್ಲಿ, ಅಂಗಳದ ಕಡೆಯ ಕಿಟಕಿಯ ಪಕ್ಕಕ್ಕೆ ಇಟ್ಟಿದ್ದೇವೆ.

ಆಯದ ಬಗ್ಗೆ ಒಂದು ಎಚ್ಚರಿಕೆಯ ಮಾತು ಉಳಿದಿದೆ. ಸುತ್ತಳತೆಯನ್ನು ಗಾರೆಗೆ ಮೊದಲಿನ ಮುರಕಲ್ಲಿನ ಗೋಡೆಯ ಹೊರಮೈಯಲ್ಲಿ ಅಳೆಯುವುದೋ, ಗಾರೆಯಾದ ಮೇಲೆ ಅಳೆಯುವುದೋ ಎಂಬುದನ್ನು ಆಚಾರ್ಯರಲ್ಲಿ ಮೊದಲೇ ಕೇಳಿ ನಕ್ಷೆಯ ಮೇಲೆ ಬರೆಯಿಸಬೇಕು. ಒಂದೂವರೆ ಸೆಂಟಿಮೀಟರ್ ಗಾರೆ ನಾಲ್ಕೂ ಸುತ್ತು ಬಂದಾಗ ಸುತ್ತಳತೆ 12 ಸೆಂಟಿಮೀಟರ್ ಬೆಳೆಯುತ್ತದೆ. ಶೇಷ ಐದಾಗಿದ್ದದ್ದು ಐದೂವರೆಯಾಗುತ್ತದೆ. ಮನೆ ಒಕ್ಕಲಿನ ಹೊತ್ತಿಗೆ ಟೇಪು ಹಿಡಿದು ಚರ್ಚೆಯಾದ ಮನೆಗಳನ್ನು ನಾನು ಕಂಡಿದ್ದೇನೆ. ಹುರಿ ಕಟ್ಟುವ ದಿನ ಆಚಾರ್ಯರು, ಮೇಸ್ತ್ರಿ ಮತ್ತು ಎಂಜಿನಿಯರ್ ಮೂವರೂ ಒಂದೇ ಟೇಪಿನಿಂದ ಅಳೆದು ಒಪ್ಪಿಕೊಂಡರೆ ಈ ಪ್ರಶ್ನೆ ಏಳುವುದಿಲ್ಲ.

ಉಪನ್ಯಾಸದ ಬಳಿಕ ಪೆರ್ಲದಿಂದ ಬಂದ ಒಬ್ಬರು, ತಮ್ಮ ಜಾಗ ಮೂರು ಸೆಂಟ್ಸಿಗೂ ಕಡಿಮೆ, ಅಗಲ 6 ಮೀಟರ್ ಮಾತ್ರ, ಅಲ್ಲಿ ಈ ಅಂಗಳ ಸಾಧ್ಯವೇ ಎಂದು ಕೇಳಿದರು. 1.92 ಮೀಟರ್ ಆಳ ಸಾಧ್ಯವಿಲ್ಲ. ಬದಿಗಳ ತೆರವು ಕಳೆದರೆ ಮನೆಯ ಅಗಲ ನಾಲ್ಕು ಮೀಟರಿನಷ್ಟು ಉಳಿಯುತ್ತದೆ. ಅದರಲ್ಲಿ ಅರ್ಧ ಅಂಗಳಕ್ಕೆ ಹೋದರೆ ಕೋಣೆ ಉಳಿಯುವುದಿಲ್ಲ. ಅಂತಹ ಕಡೆ ಆಳವನ್ನು 96 ಸೆಂಟಿಮೀಟರಿಗೆ ಇಳಿಸಬಹುದು, ಆಯ ಕೆಡುವುದಿಲ್ಲ; ಬೆಳಕು ಮಾತ್ರ ನೆಲಮಹಡಿಗೆ ಪೂರ್ತಿ ಸಾಲದು. ಅಲ್ಲಿ ದಿನದ ಹೆಚ್ಚು ಹೊತ್ತು ಕಳೆಯುವ ಜಾಗವನ್ನು, ಅಂದರೆ ಅಡುಗೆ ಮತ್ತು ಊಟವನ್ನು ಒಂದೇ ಕೋಣೆಯಾಗಿ ಮಾಡಿ ಹಿತ್ತಿಲಿನ ಕಡೆಗೆ ಒಯ್ಯಬೇಕು. ಮೆಟ್ಟಿಲನ್ನು ದಕ್ಷಿಣದ ಗೋಡೆಯ ನಡುವಿನಲ್ಲಿ ಇಟ್ಟು, ಅದರ ಮೇಲಿನ ಗೂಡಿಗೆ ಉತ್ತರದ ಕಡೆ ನಿಲುವಾದ ಗಾಜು ಹಾಕಿ ಅಲ್ಲಿಂದ ಬೆಳಕು ಇಳಿಸಬೇಕು. ಗೂಡಿನ ಮೇಲೆ ಅಡ್ಡವಾಗಿ ಗಾಜು ಹಾಸಬಾರದು. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಸೆಕೆ ಅತಿ ಹೆಚ್ಚಿರುವ ಆ ದಿನಗಳಲ್ಲಿ ಅಡ್ಡ ಗಾಜಿನ ಕೆಳಗೆ ಕೂರಲಾಗುವುದಿಲ್ಲ. ಆ ಮಹನೀಯರ ಜಾಗದ ಅಳತೆಯನ್ನೂ ನೆರೆಯವರ ಗೋಡೆಗಳ ಎತ್ತರವನ್ನೂ ಬರೆದು ತರುವಂತೆ ಹೇಳಿದ್ದೇನೆ. ಆ ಎರಡು ಅಂಕೆಗಳು ಕೈಯಲ್ಲಿಲ್ಲದೆ ಕೋಣೆಗಳನ್ನು ಹಂಚಲು ಕೂರುವುದಿಲ್ಲ.